ಹನ್ನೆರಡು ಬಾರ್‌ಗಳ ಬ್ಲೂಸ್: ಐದನೇ ಬಾರ್‌ನ ತಿರುವು

ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ನಡುವೆ 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದಲ್ಲಿ ರೂಪುಗೊಂಡ ಗಾಯನ ಪದ್ಧತಿ. ಅದರ ಅತ್ಯಂತ ಪರಿಚಿತ ಅಚ್ಚು ಹನ್ನೆರಡು ಬಾರ್‌ಗಳದ್ದು. ಒಂದು ಬಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆಗಳ ಅವಧಿ. ಅಂಥ ಹನ್ನೆರಡು ಬಾರ್ ಮುಗಿದರೆ ಒಂದು ಸುತ್ತು. ಹಾಡು ಮುಗಿಯುವವರೆಗೂ ಅದೇ ಸುತ್ತು ತಾಳದ ಆವರ್ತನದಂತೆ ಮತ್ತೆ ಮತ್ತೆ ಬರುತ್ತದೆ. ಹಾಡುಗಾರನ ಹೊಸ ಚರಣವಾಗಲಿ, ಗಿಟಾರ್ ವಾದಕನ ಮನೋಧರ್ಮವಾಗಲಿ ಈ ಸುತ್ತಿನ ಮೇಲೆಯೇ ನಡೆಯಬೇಕು. ಡಬ್ಲ್ಯು. ಸಿ. ಹ್ಯಾಂಡಿ 1912ರಲ್ಲಿ ‘ಮೆಂಫಿಸ್ ಬ್ಲೂಸ್’, 1914ರಲ್ಲಿ ‘ಸೇಂಟ್ ಲೂಯಿಸ್ ಬ್ಲೂಸ್’ ಕೃತಿಗಳನ್ನು ಅಚ್ಚು ಹಾಕಿಸಿದಾಗ, ಬಾಯಿಂದ ಬಾಯಿಗೆ ಹರಿದು ಬಂದಿದ್ದ ಈ ರೂಪ ಕಾಗದದ ಮೇಲೆ ನೆಲೆಯಾಗತೊಡಗಿತು.

ಸುತ್ತಿನೊಳಗೆ ನಾಲ್ಕು ನಾಲ್ಕು ಬಾರ್‌ಗಳ ಮೂರು ಸಾಲುಗಳಿವೆ. ಗಾಯಕ ಮೊದಲ ಸಾಲನ್ನು ಹಾಡುತ್ತಾನೆ, ಎರಡನೆಯದರಲ್ಲಿ ಅದನ್ನೇ ಮತ್ತೊಮ್ಮೆ ಹೇಳುತ್ತಾನೆ, ಮೂರನೆಯದರಲ್ಲಿ ಪ್ರಾಸ ಕೂಡಿಸಿ ಮಾತನ್ನು ಮುಗಿಸುತ್ತಾನೆ. ಪ್ರತಿ ಸಾಲಿನಲ್ಲೂ ಸುಮಾರು ಮೊದಲ ಎರಡು ಬಾರ್ ಗಾಯನಕ್ಕೆ, ಉಳಿದ ಎರಡು ವಾದ್ಯದ ಉತ್ತರಕ್ಕೆ. ಸಾಲು ಬದಲಾದಂತೆ ಹಿಂದೆ ನುಡಿಯುವ ಕಾರ್ಡ್ ಕೂಡ ಬದಲಾಗುತ್ತದೆ. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಬರುವುದು ಕಾರ್ಡ್. ಬ್ಲೂಸ್‌ಗೆ ಮೂರು ಕಾರ್ಡ್ ಸಾಕು: ಷಡ್ಜದ ಮೇಲೆ ಕಟ್ಟಿದ್ದು, ಶುದ್ಧ ಮಧ್ಯಮದ ಮೇಲೆ ಕಟ್ಟಿದ್ದು, ಪಂಚಮದ ಮೇಲೆ ಕಟ್ಟಿದ್ದು. ಅವನ್ನು ಸ, ಮ, ಪ ಎಂದು ಗುರುತಿಸಿ ಬಾರ್‌ಗೆ ಒಂದರಂತೆ ಬರೆದರೆ ಮೂಲ ನಕ್ಷೆ ಹೀಗಿರುತ್ತದೆ:

ಸ | ಸ | ಸ | ಸ
ಮ | ಮ | ಸ | ಸ
ಪ | ಮ | ಸ | ಸ

ಈ ನಕ್ಷೆಯಲ್ಲಿ ಮುಖ್ಯ ತಿರುವು ಐದನೇ ಬಾರ್. ಅಲ್ಲಿ ಹಾಡು ಮೊದಲ ಬಾರಿಗೆ ಷಡ್ಜದ ನೆಲೆ ಬಿಟ್ಟು ಮಧ್ಯಮಕ್ಕೆ ಸರಿಯುತ್ತದೆ. ಗಾಯಕ ಹೇಳುತ್ತಿರುವುದು ಅದೇ ಮಾತು, ಅನೇಕ ಸಲ ಅದೇ ಧಾಟಿ; ಕೆಳಗಿನ ನೆಲ ಮಾತ್ರ ಬದಲಾಗಿರುತ್ತದೆ. ಹಾಗಾಗಿ ಮರುಕಳಿಸಿದ ಸಾಲಿಗೂ ಬೇರೆಯದೇ ಬಣ್ಣ ಬರುತ್ತದೆ.

ಆ ಬಣ್ಣ ಎಲ್ಲಿಂದ ಬರುತ್ತದೆ ಎಂಬುದನ್ನು ಕಾರ್ಡ್‌ಗಳ ಒಳಗಿನ ಸ್ವರಗಳೇ ಹೇಳುತ್ತವೆ. ಬ್ಲೂಸ್‌ನಲ್ಲಿ ಷಡ್ಜದ ಕಾರ್ಡ್‌ಗೆ ಷಡ್ಜ, ಅಂತರ ಗಾಂಧಾರ, ಪಂಚಮಗಳ ಜೊತೆ ಕೈಶಿಕಿ ನಿಷಾದವೂ ಸೇರುತ್ತದೆ. ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಇಂಥ ನಾಲ್ಕು ಸ್ವರದ ಕಾರ್ಡ್‌ನ ಸಹಜ ಜಾಗ ಪಂಚಮ. ಅದು ಕಿವಿಯಲ್ಲಿ ಒಂದು ಸೆಳೆತ ಹುಟ್ಟಿಸಿ ಷಡ್ಜಕ್ಕೆ ಬಂದು ಶಾಂತವಾಗಬೇಕು. ಬ್ಲೂಸ್ ಇದೇ ಬಗೆಯ ಕಾರ್ಡನ್ನು ಮೂರೂ ನೆಲೆಗಳಲ್ಲಿ ಇಡುತ್ತದೆ, ಶಾಂತವಾಗಲೇಬೇಕೆಂಬ ಹಂಗನ್ನು ಇಟ್ಟುಕೊಳ್ಳುವುದಿಲ್ಲ. ಇದರ ಪರಿಣಾಮ ಐದನೇ ಬಾರ್‌ನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಮಧ್ಯಮದ ಕಾರ್ಡ್‌ನಲ್ಲಿರುವ ನಾಲ್ಕನೆಯ ಸ್ವರ ಸಾಧಾರಣ ಗಾಂಧಾರ. ಅಂದರೆ ಷಡ್ಜದಿಂದ ಮಧ್ಯಮದ ಕಾರ್ಡ್‌ಗೆ ಹೋದೊಡನೆ ಅಂತರ ಗಾಂಧಾರ ಅರ್ಧ ಸ್ವರ ತಗ್ಗಿ ಸಾಧಾರಣ ಗಾಂಧಾರವಾಗುತ್ತದೆ. ಬ್ಲೂಸ್ ಗಾಯಕರು ಎಳೆದು, ಜಾರಿಸಿ ಹಾಡುವ ‘ಬ್ಲೂ ನೋಟ್’ ಇರುವುದೂ ಈ ಎರಡು ಗಾಂಧಾರಗಳ ನಡುವಿನ ಜಾಗದಲ್ಲೇ. ಗಂಟಲು ಮಾಡುವ ಕೆಲಸವನ್ನು ಕಾರ್ಡ್‌ಗಳೂ ತಮ್ಮ ರೀತಿಯಲ್ಲಿ ಮಾಡುತ್ತವೆ.

ಮೂಲ ನಕ್ಷೆಯ ಸರಳ ಬದಲಾವಣೆಗಳು ಎರಡು. ಎರಡನೇ ಬಾರ್‌ನಲ್ಲೇ ಒಮ್ಮೆ ಮಧ್ಯಮವನ್ನು ಮುಟ್ಟಿ ಮೂರನೆಯದರಲ್ಲಿ ಷಡ್ಜಕ್ಕೆ ಮರಳುವುದು ಒಂದು. ವಾದಕರು ಇದನ್ನು ‘ಕ್ವಿಕ್ ಚೇಂಜ್’ ಎನ್ನುತ್ತಾರೆ. ಹನ್ನೆರಡನೇ ಬಾರ್‌ನಲ್ಲಿ ಪಂಚಮವನ್ನು ತಂದು ಮುಂದಿನ ಸುತ್ತಿಗೆ ಎಳೆದೊಯ್ಯುವುದು ಇನ್ನೊಂದು, ಇದು ‘ಟರ್ನ್‌ಅರೌಂಡ್’. ಒಂಬತ್ತು ಮತ್ತು ಹತ್ತನೇ ಬಾರ್‌ಗಳಲ್ಲೂ ಆಯ್ಕೆಯಿದೆ. ಚಕ್ ಬೆರಿಯ ‘ಜಾನಿ ಬಿ. ಗುಡ್’ (1958) ಅಲ್ಲಿ ಎರಡೂ ಬಾರ್ ಪಂಚಮದಲ್ಲೇ ನಿಲ್ಲುತ್ತದೆ; ಅನೇಕ ಹಾಡುಗಳು ಪಂಚಮದಿಂದ ಮಧ್ಯಮಕ್ಕೆ ಇಳಿದು ಷಡ್ಜ ಸೇರುತ್ತವೆ. ಪಂಚಮದಿಂದ ಮಧ್ಯಮಕ್ಕೆ ಇಳಿಯುವುದು ಯುರೋಪಿನ ಪಠ್ಯಪುಸ್ತಕಗಳ ಪ್ರಕಾರ ಹಿಮ್ಮುಖ ನಡೆ. ಬ್ಲೂಸ್‌ಗೆ ಅದೇ ಸಹಜ ಮುಕ್ತಾಯ.

ಸಾಧಾರಣ ಗಾಂಧಾರವನ್ನೇ ನೆಲೆಯಾಗಿಸಿಕೊಂಡ ‘ಮೈನರ್ ಬ್ಲೂಸ್’ನಲ್ಲಿ ಮೂರನೇ ಸಾಲು ಇನ್ನೊಂದು ದಾರಿ ಹಿಡಿಯುತ್ತದೆ. ಒಂಬತ್ತನೇ ಬಾರ್‌ನಲ್ಲಿ ಶುದ್ಧ ಧೈವತದ ಕಾರ್ಡ್, ಹತ್ತನೆಯದರಲ್ಲಿ ಪಂಚಮ, ಆಮೇಲೆ ಷಡ್ಜ. ಜಾನ್ ಕೋಲ್‌ಟ್ರೇನ್ 1959ರಲ್ಲಿ ಧ್ವನಿಮುದ್ರಿಸಿದ ‘ಮಿಸ್ಟರ್ ಪಿ. ಸಿ.’ ವೇಗದ ಜಾಝ್ ಕೃತಿ. ಬಿ. ಬಿ. ಕಿಂಗ್ 1969ರಲ್ಲಿ ಹಾಡಿದ ‘ದ ಥ್ರಿಲ್ ಈಸ್ ಗಾನ್’ ನಿಧಾನದ ಬ್ಲೂಸ್ ಹಾಡು. ಕೇಳುವಾಗ ಇವೆರಡಕ್ಕೂ ಸಂಬಂಧವೇ ಇಲ್ಲವೆನಿಸಬಹುದು. ಆದರೆ ಐದನೇ ಬಾರ್‌ನಲ್ಲಿ ಮಧ್ಯಮಕ್ಕೆ ಸರಿಯುವುದು, ಮೂರನೇ ಸಾಲಿನಲ್ಲಿ ಧೈವತದಿಂದ ಪಂಚಮಕ್ಕೆ ಇಳಿಯುವುದು ಎರಡರಲ್ಲೂ ಒಂದೇ.

ಕಾರ್ಡ್‌ಗಳನ್ನು ಅತಿಯಾಗಿ ಹೆಚ್ಚಿಸಿದವರು ಜಾಝ್‌ನ ಬೀಬಾಪ್ ಕಲಾವಿದರು. ಚಾರ್ಲಿ ಪಾರ್ಕರ್‌ನ ‘ಬ್ಲೂಸ್ ಫಾರ್ ಆಲಿಸ್’ (1951) ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಷಡ್ಜ ಎಫ್. ಮೂಲ ನಕ್ಷೆಯಲ್ಲಿ ಎರಡರಿಂದ ನಾಲ್ಕನೇ ಬಾರ್‌ವರೆಗೆ ಏನೂ ಬದಲಾಗುವುದಿಲ್ಲ. ಇಲ್ಲಿ ಅದೇ ಮೂರು ಬಾರ್‌ಗಳಲ್ಲಿ ಬಾರ್‌ಗೆ ಎರಡರಂತೆ ಆರು ಕಾರ್ಡ್ ಬರುತ್ತವೆ. ಅವುಗಳ ಆಧಾರ ಸ್ವರಗಳು ಕ್ರಮವಾಗಿ ಇ, ಎ, ಡಿ, ಜಿ, ಸಿ, ಎಫ್. ಪ್ರತಿಯೊಂದಕ್ಕೂ ಮುಂದಿನದು ಮಧ್ಯಮದ ದೂರದಲ್ಲಿದೆ. ಇದೇ ಸರಪಳಿಯ ಮುಂದಿನ ಕೊಂಡಿ ಬಿ ಫ್ಲ್ಯಾಟ್. ಎಫ್ ಷಡ್ಜವಾದಾಗ ಬಿ ಫ್ಲ್ಯಾಟ್ ಮಧ್ಯಮ. ಅದು ಸರಿಯಾಗಿ ಐದನೇ ಬಾರ್‌ನಲ್ಲಿ ಬಂದಿಳಿಯುತ್ತದೆ. ಅಲ್ಲಿಂದ ಮುಂದೆ ಕಾರ್ಡ್‌ಗಳು ಮೆಟ್ಟಿಲಿಳಿದಂತೆ ತಗ್ಗುತ್ತಾ ಒಂಬತ್ತನೇ ಬಾರ್‌ನಲ್ಲಿ ಜಿ ಮೈನರ್ ಕಾರ್ಡನ್ನು, ಹತ್ತನೆಯದರಲ್ಲಿ ಪಂಚಮವಾದ ಸಿ ಕಾರ್ಡನ್ನು ಮುಟ್ಟಿ, ಹನ್ನೊಂದನೆಯದರಲ್ಲಿ ಎಫ್‌ಗೆ ಮರಳುತ್ತವೆ. ಪಾರ್ಕರ್ ಪಂಚಮವನ್ನು ಒಂದು ಬಾರ್ ತಡಮಾಡಿದ್ದಾನೆ, ದಾರಿಯನ್ನೆಲ್ಲ ಬದಲಿಸಿದ್ದಾನೆ. ಆದರೆ ಒಂದು, ಐದು ಮತ್ತು ಹನ್ನೊಂದನೇ ಬಾರ್‌ಗಳಲ್ಲಿ ಹಳೆಯ ನಕ್ಷೆ ಹಾಗೆಯೇ ಉಳಿದಿದೆ. ವಿಶ್ಲೇಷಕರು ಇದನ್ನು ಬ್ಲೂಸ್ ಎಂದು ಗುರುತಿಸುವುದು ಕೃತಿಯ ಹೆಸರು ನೋಡಿ ಅಲ್ಲ, ಈ ಕಂಬಗಳನ್ನು ನೋಡಿ.

ರಾಕ್ ಸಂಗೀತದಲ್ಲಿ ಪ್ರಭಾವದ ಜಾಡು ಬೇರೆ ರೀತಿಯಲ್ಲಿ ಸಿಗುತ್ತದೆ. ರಾಬರ್ಟ್ ಜಾನ್ಸನ್ 1936ರ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಧ್ವನಿಮುದ್ರಿಸಿದ ‘ಕ್ರಾಸ್ ರೋಡ್ ಬ್ಲೂಸ್’ ಮತ್ತು ಬ್ರಿಟನ್ನಿನ ಕ್ರೀಮ್ ತಂಡದ 1968ರ ‘ಕ್ರಾಸ್‌ರೋಡ್ಸ್’ ಅದಕ್ಕೆ ತಕ್ಕ ಜೋಡಿ. ಜಾನ್ಸನ್ ಒಬ್ಬನೇ ಗಿಟಾರ್ ಹಿಡಿದು ಹಾಡಿದವನು. ಅವನ ಚರಣಗಳು ಹನ್ನೆರಡು ಬಾರ್‌ಗೆ ನಿಲ್ಲದೆ ಹದಿನಾಲ್ಕು, ಹದಿನೈದಕ್ಕೆ ಚಾಚುತ್ತವೆ. ಮಧ್ಯಮ ಮತ್ತು ಪಂಚಮದ ಕಾರ್ಡ್‌ಗಳನ್ನು ಅವನು ಪೂರ್ತಿ ನುಡಿಸದೆ ಕೆಲವು ಸ್ವರಗಳಲ್ಲಿ ಸೂಚಿಸುತ್ತಾನೆ. ಕ್ರೀಮ್‌ನಲ್ಲಿ ಗಿಟಾರ್, ಬೇಸ್, ಡ್ರಮ್ಸ್ ನುಡಿಸುವ ಮೂವರು ಒಟ್ಟಿಗೆ ಸಾಗಬೇಕು. ಎರಿಕ್ ಕ್ಲ್ಯಾಪ್ಟನ್ ಹಾಡನ್ನು ಹನ್ನೆರಡು ಬಾರ್‌ಗಳಿಗೆ ಕಟ್ಟಿ, ಜಾನ್ಸನ್‌ನ ಗಿಟಾರ್ ಎಳೆಯನ್ನು ಸರಳಗೊಳಿಸಿ ಒಂದು ರಿಫ್ ಮಾಡಿ, ನೇರ ರಾಕ್ ಲಯಕ್ಕೆ ಕೂರಿಸಿದ. ಹೀಗಾಗಿ 1968ರ ರಾಕ್ ರೂಪ 1936ರ ಮೂಲಕ್ಕಿಂತ ಹೆಚ್ಚು ‘ಶುದ್ಧ’ವಾದ ಹನ್ನೆರಡು ಬಾರ್ ಬ್ಲೂಸ್ ಆಯಿತು. ಅಚ್ಚುಕಟ್ಟಾದ ನಕ್ಷೆಯೇ ಮೂಲ, ಅಂಕುಡೊಂಕಾದದ್ದು ಅದರ ವಿಕಾರ ಎಂದು ಭಾವಿಸಿದರೆ ಇತಿಹಾಸ ತಲೆಕೆಳಗಾಗುತ್ತದೆ.

ಇಲ್ಲಿ ಪ್ರಭಾವವನ್ನು ದಾಖಲೆಯೂ ದೃಢಪಡಿಸುತ್ತದೆ. ಕ್ಲ್ಯಾಪ್ಟನ್ ಈ ಹಾಡಿನೊಳಗೆ ಜಾನ್ಸನ್‌ನದೇ ‘ಟ್ರಾವೆಲಿಂಗ್ ರಿವರ್‌ಸೈಡ್ ಬ್ಲೂಸ್’ನಿಂದಲೂ ಒಂದು ಚರಣ ತಂದು ಸೇರಿಸಿದ್ದಾನೆ. 1937ರಲ್ಲಿ ಮುದ್ರಿತವಾದ ಆ ಹಾಡು ಆಗ ಮಾರುಕಟ್ಟೆಗೆ ಬಂದಿರಲಿಲ್ಲ. ಅದು ಹೊರಬಂದದ್ದು 1961ರಲ್ಲಿ ಕೊಲಂಬಿಯಾ ಕಂಪನಿ ತಂದ ‘ಕಿಂಗ್ ಆಫ್ ದ ಡೆಲ್ಟಾ ಬ್ಲೂಸ್ ಸಿಂಗರ್ಸ್’ ಎಂಬ ಎಲ್‌ಪಿಯಲ್ಲಿ. ‘ಕ್ರಾಸ್ ರೋಡ್ ಬ್ಲೂಸ್’ ಕೂಡ ಅದೇ ತಟ್ಟೆಯಲ್ಲಿತ್ತು. ಮಿಸಿಸಿಪ್ಪಿಯ ಹಾಡು ಲಂಡನ್ನಿನ ತಂಡಕ್ಕೆ ಯಾವ ದಾರಿಯಲ್ಲಿ ತಲುಪಿತು ಎಂಬುದನ್ನು ಈ ಒಂದು ಚರಣವೇ ತೋರಿಸುತ್ತದೆ.

ಎಲ್ಲ ಹಾಡಿಗೂ ಇಂಥ ದಾಖಲೆ ಇರುವುದಿಲ್ಲ. ಆಗ ವಿಶ್ಲೇಷಕರು ಹಲವು ಗುರುತುಗಳನ್ನು ಒಟ್ಟಿಗೆ ನೋಡುತ್ತಾರೆ. ಬೀಟಲ್ಸ್ ತಂಡದ ‘ಕ್ಯಾಂಟ್ ಬೈ ಮಿ ಲವ್’ (1964) ಹಾಡಿನ ಚರಣ ಹನ್ನೆರಡು ಬಾರ್‌ಗಳದ್ದು, ಐದನೇ ಬಾರ್‌ನಲ್ಲಿ ಮಧ್ಯಮಕ್ಕೆ ತಿರುಗುತ್ತದೆ. ಅದರ ಪಲ್ಲವಿ ಮಾತ್ರ ಬ್ಲೂಸ್‌ನಲ್ಲಿಲ್ಲದ ಮೈನರ್ ಕಾರ್ಡ್‌ಗಳಲ್ಲಿ ನಡೆಯುತ್ತದೆ. ಆದ್ದರಿಂದ ಇಡೀ ಹಾಡನ್ನು ಬ್ಲೂಸ್ ಎನ್ನದೆ, ಬ್ಲೂಸ್ ಚರಣಕ್ಕೆ ಪಾಪ್ ಪಲ್ಲವಿ ಜೋಡಿಸಿದ ಹಾಡು ಎನ್ನುವುದು ನಿಖರ. ಗಾಯನದ ಎಳೆಯೂ ಸುಳಿವು ಕೊಡುತ್ತದೆ. ಅನೇಕ ರಾಕ್ ಹಾಡುಗಳಲ್ಲಿ ಕೆಳಗೆ ಕಾರ್ಡ್ ಬದಲಾದರೂ ಗಾಯಕ ತನ್ನ ಐದಾರು ಸ್ವರಗಳ ಗುಂಪನ್ನು ಬಿಡುವುದಿಲ್ಲ, ಕಾರ್ಡ್‌ಗೆ ಹೊಂದದ ಸ್ವರದ ಮೇಲೂ ನಿಲ್ಲುತ್ತಾನೆ. ಸಂಗೀತಶಾಸ್ತ್ರಜ್ಞ ಡೇವಿಡ್ ಟೆಂಪರ್ಲಿ 2007ರಲ್ಲಿ ಇದನ್ನು ಗಾಯನಕ್ಕೂ ಕಾರ್ಡ್‌ಗಳಿಗೂ ಆದ ವಿಚ್ಛೇದನ ಎಂದು ಕರೆದರು. ಬ್ಲೂಸ್‌ನಲ್ಲಿ ಇದು ಮೊದಲಿನಿಂದಲೂ ಇದ್ದ ರೂಢಿ.

ಎಣಿಕೆಯ ವಿಧಾನವೂ ಇದೆ. ಟ್ರೆವರ್ ಡಿ ಕ್ಲರ್ಕ್ ಮತ್ತು ಟೆಂಪರ್ಲಿ 2011ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಐವತ್ತರ ದಶಕದಿಂದ ತೊಂಬತ್ತರ ದಶಕದವರೆಗಿನ 100 ರಾಕ್ ಹಾಡುಗಳನ್ನು, ದಶಕಕ್ಕೆ 20ರಂತೆ, ಆರಿಸಿಕೊಂಡರು. ಷಡ್ಜವನ್ನು ಬಿಟ್ಟರೆ ಅತಿ ಹೆಚ್ಚು ಬರುವುದು ಮಧ್ಯಮದ ಕಾರ್ಡ್, ಷಡ್ಜಕ್ಕೆ ಮರಳುವ ಮುನ್ನ ಹೆಚ್ಚಾಗಿ ಬರುವುದೂ ಅದೇ ಎಂದು ತಿಳಿದುಬಂತು. ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಆ ಎರಡೂ ಸ್ಥಾನ ಪಂಚಮದ್ದು.

ಈ ಫಲಿತಾಂಶ ಬ್ಲೂಸ್ ಪ್ರಭಾವಕ್ಕೆ ಹೊಂದುತ್ತದೆಯಾದರೂ ಅದೊಂದರಿಂದಲೇ ಪ್ರಭಾವ ಸಾಬೀತಾಗುವುದಿಲ್ಲ. ಮಧ್ಯಮದಿಂದ ಷಡ್ಜಕ್ಕೆ ಮರಳುವ ನಡೆ ಚರ್ಚ್ ಪ್ರಾರ್ಥನೆಗಳ ಕೊನೆಯ ‘ಆಮೆನ್’ನಲ್ಲೂ ಇದೆ, ಒಂದು ಹಾಡಿಗೆ ಅದು ಗಾಸ್ಪೆಲ್ ಸಂಗೀತದಿಂದ ಬಂದಿರಬಹುದು. ಬಾರ್ ಲೆಕ್ಕವೂ ಮೋಸ ಮಾಡಬಲ್ಲದು. ವೇಗದ ಹಾಡಿನಲ್ಲಿ ಪ್ರತಿ ಕಾರ್ಡ್ ಇಮ್ಮಡಿ ಕಾಲ ನಿಂತರೆ ಅದೇ ನಕ್ಷೆ 24 ಬಾರ್ ಆಗಿ ಕಾಣುತ್ತದೆ. ಜಾನ್ ಲೀ ಹೂಕರ್‌ನ ‘ಬೂಗಿ ಚಿಲನ್’ (1948) ಒಂದೇ ಕಾರ್ಡ್‌ನಲ್ಲಿ ನಡೆಯುತ್ತದೆ. ಅದರಲ್ಲಿ ಐದನೇ ಬಾರ್‌ನ ತಿರುವೇ ಇಲ್ಲ, ಆದರೂ ಅದು ಬ್ಲೂಸ್ ಅಲ್ಲ ಎನ್ನುವವರಿಲ್ಲ. ಆದ್ದರಿಂದ ನಕ್ಷೆಯ ಕಂಬಗಳು, ಗಾಂಧಾರದ ನಡೆ, ಸಾಲಿನ ಮರುಕಳಿಕೆ, ಧ್ವನಿಮುದ್ರಣದ ಇತಿಹಾಸ ಇವುಗಳಲ್ಲಿ ಎರಡು ಮೂರಾದರೂ ಒಂದೇ ಕಡೆ ಬೆರಳು ತೋರಿದಾಗ ಮಾತ್ರ ವಿಶ್ಲೇಷಕರು ಪ್ರಭಾವದ ಮಾತನ್ನು ಖಚಿತವಾಗಿ ಹೇಳುತ್ತಾರೆ.