ಬಾಣದ ಗುರುತು ಮಾತಾಗುವ ಬಗೆ

ಆರೋಗ್ಯ ತರಗತಿಯ ಪರದೆಯ ಮೇಲೆ ಒಂದು ಸ್ಲೈಡು ಮೂಡುತ್ತದೆ. ಭೇದಿಯಾಗುತ್ತಿರುವ ಮಗುವಿಗೆ ಓಆರ್‌ಎಸ್ ದ್ರಾವಣ ಕುಡಿಸುವ ಕ್ರಮ ಅದರಲ್ಲಿದೆ. ಕೆಲಸಗಳು ಚೌಕಗಳಲ್ಲಿವೆ, ಪ್ರಶ್ನೆಗಳು ವಜ್ರಾಕೃತಿಗಳಲ್ಲಿವೆ, ನಡುವೆ ಬಾಣಗಳಿವೆ. ತೋರಿಸುವವರು ಜೊತೆಯಲ್ಲೇ ವಿವರಿಸುವುದರಿಂದ ಎಲ್ಲವೂ ತಿಳಿಯಾಗಿ ಕಾಣುತ್ತದೆ. ಆದರೆ ನಡುರಾತ್ರಿ ಮನೆಯಲ್ಲಿ ಮಗುವಿನ ಬಳಿ ಕುಳಿತ ತಾಯಿಗೆ ಪರದೆಯೂ ಇಲ್ಲ, ವಿವರಿಸುವವರೂ ಇಲ್ಲ. ಆಕೆಗೆ ಬೇಕಾದುದು ಕನ್ನಡದಲ್ಲಿ ಬರೆದ, ಸಂಖ್ಯೆ ಹಾಕಿದ ಸೂಚನೆಗಳ ಒಂದು ಹಾಳೆ. ಕಾಸರಗೋಡಿನಂತಹ ಗಡಿನಾಡಿನಲ್ಲಿ ಮೂಲ ಸ್ಲೈಡು ಬೇರೆ ಭಾಷೆಯಲ್ಲಿದ್ದಾಗ ಈ ಹಾಳೆಯ ಹೊಣೆ ಇನ್ನೂ ಹೆಚ್ಚುತ್ತದೆ.

ಚೌಕಗಳೊಳಗಿನ ಮಾತುಗಳನ್ನು ಅನುವಾದಿಸಿ ಮೇಲಿನಿಂದ ಕೆಳಕ್ಕೆ ಸಂಖ್ಯೆ ಕೊಟ್ಟರೆ ಕೆಲಸ ಮುಗಿಯಿತೆಂದು ತೋರಬಹುದು. ತಪ್ಪುಗಳು ಹುಟ್ಟುವುದು ಅಲ್ಲಿಯೇ. ಚಿತ್ರದ ಅರ್ಥದ ಬಹುಭಾಗ ಬಾಣಗಳಲ್ಲಿರುತ್ತದೆ, ಮತ್ತು ಒಂದೇ ಆಕಾರದ ಬಾಣ ನಾಲ್ಕು ಬೇರೆ ಅರ್ಥಗಳನ್ನು ಹೊರುತ್ತದೆ: ‘ಬಳಿಕ’, ‘ಹೀಗಾದರೆ’, ‘ಮತ್ತೆ’, ‘ಅದೇ ವೇಳೆಗೆ’. ಆದುದರಿಂದ ಬರೆಯುವವರು ಮೊದಲು ಪ್ರತಿಯೊಂದು ಬಾಣದ ಪಕ್ಕದಲ್ಲಿ ಈ ನಾಲ್ಕರಲ್ಲಿ ಒಂದನ್ನು ಗುರುತಿಸಿಕೊಳ್ಳಬೇಕು. ಆಮೇಲೆ ಬರೆದಾಗ ಈ ಸ್ಲೈಡು ಹೀಗೆ ರೂಪುಗೊಳ್ಳುತ್ತದೆ:

1. ಮಗು ಕುಡಿಯಲಾರದೆ ಇದ್ದರೆ, ಮಂಕಾಗಿ ಎಚ್ಚರ ತಪ್ಪುತ್ತಿದ್ದರೆ, ಕಣ್ಣು ಗುಳಿಬಿದ್ದಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೊರಡಿರಿ. ಮುಂದೆ ಯಾವ ಹೊತ್ತಿನಲ್ಲಿ ಈ ಚಿಹ್ನೆ ಕಂಡರೂ ಹೀಗೆಯೇ ಮಾಡಿರಿ.
2. ಸಾಬೂನಿನಿಂದ ಕೈ ತೊಳೆಯಿರಿ.
3. ಕುದಿಸಿ ಆರಿಸಿದ 1 ಲೀಟರ್ ನೀರನ್ನು ಶುದ್ಧ ಪಾತ್ರೆಗೆ ಅಳೆದು ಹಾಕಿರಿ.
4. 1 ಲೀಟರಿಗೆಂದು ಬರೆದಿರುವ ಪೊಟ್ಟಣದ ಪುಡಿಯನ್ನು ಪೂರ್ತಿಯಾಗಿ ಸುರಿದು, ಕರಗುವವರೆಗೆ ಕಲಕಿರಿ.
5. ಆರೋಗ್ಯ ಕಾರ್ಯಕರ್ತೆ ತಿಳಿಸಿದ ಪ್ರಮಾಣದ ಜಿಂಕ್ ಮಾತ್ರೆಯನ್ನು ಮೊದಲ ದಿನದಿಂದಲೇ ಆರಂಭಿಸಿರಿ. ಭೇದಿ ನಿಂತರೂ 14 ದಿನ ಪೂರೈಸಿರಿ.
6. ಪ್ರತಿ ಸಲ ಭೇದಿಯಾದ ಬಳಿಕ, 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿರಿ.
7. ಮಗು ವಾಂತಿ ಮಾಡಿದರೆ 10 ನಿಮಿಷ ನಿಲ್ಲಿಸಿ, ಬಳಿಕ ಇನ್ನೂ ನಿಧಾನವಾಗಿ ಕುಡಿಸಿರಿ.
8. ಭೇದಿ ನಿಲ್ಲುವವರೆಗೆ 6ನೆಯ ಹೆಜ್ಜೆಯನ್ನು ಮುಂದುವರಿಸಿರಿ. ದ್ರಾವಣ ಕಲಸಿ 24 ಗಂಟೆಯಾದರೆ ಉಳಿದುದನ್ನು ಚೆಲ್ಲಿ, 2ರಿಂದ ಹೊಸದಾಗಿ ತಯಾರಿಸಿರಿ.

ಸ್ಲೈಡಿನಲ್ಲಿ ಜಿಂಕ್ ಮಾತ್ರೆಯ ಚೌಕ ಒಂದು ಬದಿಯಲ್ಲಿತ್ತು. ಕಣ್ಣು ಅದನ್ನು ‘ಅದೇ ವೇಳೆಗೆ’ ಎಂದು ಓದಿಕೊಂಡಿತು. ಪಟ್ಟಿಗೆ ಬದಿಯೆಂಬುದಿಲ್ಲ. ಅದನ್ನು ಕೊನೆಯಲ್ಲಿ ಬರೆದಿದ್ದರೆ ಭೇದಿ ನಿಂತ ಮೇಲೆ ಮಾತ್ರೆ ಕೊಡಬೇಕೆಂದು ಅರ್ಥವಾಗುತ್ತಿತ್ತು. ಅಂತೆಯೇ ಅಪಾಯದ ಚಿಹ್ನೆಗಳ ಪ್ರಶ್ನೆ ಚಿತ್ರದ ತುದಿಯಲ್ಲಿದ್ದು ಸದಾ ಕಣ್ಣೆದುರಿಗಿರುತ್ತದೆ. ಪಟ್ಟಿಯಲ್ಲಿ ಮೊದಲ ಹೆಜ್ಜೆ ದಾಟಿದವರು ಅದನ್ನು ಮರೆಯುತ್ತಾರೆ. ಎಂದೇ ‘ಯಾವ ಹೊತ್ತಿನಲ್ಲಿ ಕಂಡರೂ’ ಎಂಬ ಮಾತನ್ನು ಸೇರಿಸಬೇಕಾಯಿತು. ಹಿಂದಕ್ಕೆ ಬಾಗಿದ ಬಾಣಕ್ಕೆ ಎರಡು ಮಾತು ಬೇಕು: ಎಲ್ಲಿಗೆ ಮರಳಬೇಕು, ಎಲ್ಲಿಯವರೆಗೆ. ಎರಡನೆಯದು ಬಿಟ್ಟುಹೋದರೆ ಕೆಲಸ ನಿಲ್ಲುವ ಗುರುತೇ ಓದುಗರಿಗೆ ಸಿಗುವುದಿಲ್ಲ.

ಇಲ್ಲಿ ಕನ್ನಡದ ವಾಕ್ಯರಚನೆ ನೆರವಾಗುತ್ತದೆ. ‘ವಾಂತಿ ಮಾಡಿದರೆ’ ಎಂಬ ಷರತ್ತು ಸಹಜವಾಗಿಯೇ ಕೆಲಸಕ್ಕಿಂತ ಮೊದಲು ಬರುತ್ತದೆ. ಕೈ ಮುಂದುವರಿಯುವ ಮುನ್ನ ಎಚ್ಚರಿಕೆ ಕಿವಿಗೆ ಬೀಳುತ್ತದೆ. ಆದರೆ ಭೂತನ್ಯೂನ ರೂಪದಿಂದ ಅಪಾಯವೂ ಉಂಟು. ‘ಕೈ ತೊಳೆದು, ನೀರನ್ನು ಅಳೆದು, ಪುಡಿ ಸುರಿದು, ಕಲಕಿ ಕುಡಿಸಿರಿ’ ಎಂಬ ವಾಕ್ಯ ಸೊಗಸಾಗಿದೆ. ಆದರೆ ಅದರಲ್ಲಿ ನೀರಿನ ಅಳತೆ ಮುಳುಗಿಹೋಗುತ್ತದೆ. 200 ಮಿ.ಲೀ. ನೀರಿಗೆಂದು ಮಾಡಿದ ಚಿಕ್ಕ ಪೊಟ್ಟಣಗಳೂ ಇವೆ. ದೊಡ್ಡ ಪೊಟ್ಟಣವನ್ನು ಕಡಮೆ ನೀರಿಗೆ ಹಾಕಿದರೆ ಉಪ್ಪಿನಂಶ ಮಿತಿಮೀರಿ ಮಗುವಿಗೆ ಕೇಡಾಗುತ್ತದೆ. ಚಿಕ್ಕದನ್ನು ಲೀಟರ್ ನೀರಿಗೆ ಹಾಕಿದರೆ ದ್ರಾವಣ ಸಪ್ಪೆಯಾಗಿ ಗುಣ ಕಡಮೆಯಾಗುತ್ತದೆ. ಆದಕಾರಣ ಅಳತೆಯಿರುವ ಕೆಲಸಕ್ಕೆ ಪ್ರತ್ಯೇಕ ಸಂಖ್ಯೆ ಇರಲೇಬೇಕು.

ಹಾಳೆ ಸರಿಯಾಗಿದೆಯೇ ಎಂದು ತಿಳಿಯಲು ಸ್ಲೈಡನ್ನು ನೋಡದ ಒಬ್ಬರ ಕೈಗೆ ಅದನ್ನು ಕೊಟ್ಟು, ಓದಿ ಚಿತ್ರ ಬರೆಯುವಂತೆ ಕೇಳಬೇಕು. ಆ ಚಿತ್ರವನ್ನು ಮೂಲದೊಂದಿಗೆ ಹೋಲಿಸಿದಾಗ ಕಾಣೆಯಾದ ಬಾಣವೇ ಬರಹದಲ್ಲಿ ಬಿಟ್ಟುಹೋದ ಮಾತು. ಕವಲುಗಳು ತೀರ ಹೆಚ್ಚಾಗಿ, ಓದುವವರು ಸಂಖ್ಯೆಯಿಂದ ಸಂಖ್ಯೆಗೆ ಹಾರುತ್ತಲೇ ಇರಬೇಕಾದರೆ ಒಂದೇ ಪಟ್ಟಿ ಸಾಲದು. ಆಗ ಮೊದಲ ಪ್ರಶ್ನೆಯ ಉತ್ತರಕ್ಕೆ ತಕ್ಕಂತೆ ‘ಮನೆಯಲ್ಲಿ ಮಾಡುವುದು’, ‘ಆಸ್ಪತ್ರೆಗೆ ಹೊರಡುವಾಗ ಮಾಡುವುದು’ ಎಂದು ಎರಡು ಹಾಳೆಗಳಾಗಿ ಬೇರ್ಪಡಿಸುವುದು ಲೇಸು.