ಗೃಹಪ್ರವೇಶಕ್ಕೆ ಎಷ್ಟು ಎಲೆ ಹೇಳಬೇಕು?

ಗೃಹಪ್ರವೇಶಕ್ಕೆ 100 ಮಂದಿಯನ್ನ ಕರೆದಿದ್ದೀರಿ ಅಂತಿಟ್ಟುಕೊಳ್ಳಿ. ಅಡುಗೆಯವರಿಗೆ ಲೆಕ್ಕ ಹೇಳೋ ಮುಂಚೆ ಎಲ್ಲರಿಗೂ ಒಂದು ಫೋನ್ ಮಾಡಿ.

85 ಮಂದಿ ಬರ್ತೀವಿ ಅಂದ್ರೆ, ಪುರೋಹಿತರು, ಬಡಿಸುವವರು, ಡ್ರೈವರ್‌ಗಳು ಅಂತ ಇನ್ನೂ 10 ಎಲೆ ಸೇರಿಸಿ. ಪಟ್ಟಿಯಲ್ಲಿ ಬಿಟ್ಟುಹೋಗೋದು ಇವರೇ.

ಸಾಮಾನು ನೀವೇ ತರೋದಾದ್ರೆ, ಈ 95 ಎಲೆಗೆ ಚಿತ್ರಾನ್ನವೂ ಸೇರಿ 10 ಕೆಜಿ ಅಕ್ಕಿ ಸಾಕು. ಹೋಳಿಗೆ ತಲೆಗೆ ಒಂದೂವರೆಯಂತೆ, ಸುಮಾರು 145. ಕೊನೆ ಪಂಕ್ತಿಗೆ ಅನ್ನ ಮತ್ತೆ ಮಾಡಬಹುದು, ಹೋಳಿಗೆ ಆಗಲ್ಲ.

ಗುತ್ತಿಗೆ ಕೊಟ್ಟರೆ, ಎಲೆಗೆ 250 ರೂಪಾಯಿಯಂತೆ ಊಟಕ್ಕೆ 23,750 ಆಗುತ್ತೆ. ಬೆಳಗಿನ ಪೂಜೆಗೆ ಹತ್ತಿರದವರಷ್ಟೇ ಇರ್ತಾರೆ. ಹಾಗಾಗಿ ತಿಂಡಿಯನ್ನ 40 ಮಂದಿಗೆ ಬೇರೆಯಾಗೇ ಹೇಳಿ.

ಕನಿಷ್ಠ ಎಷ್ಟು ಎಲೆಗೆ ದುಡ್ಡು ಕೊಡಲೇಬೇಕು, ಹೆಚ್ಚಿಗೆ ಎಲೆ ಹಾಕಿದ್ರೆ ದರ ಎಷ್ಟು? ಮುಂಗಡ ಕೊಡೋ ಮೊದಲೇ ಬರೆಸಿಕೊಳ್ಳಿ.