ಮಗು ಎಣಿಸುತ್ತದೆ, ಎಣಿಕೆಯನ್ನು ನಂಬುತ್ತದೆಯೆ?

ನಿಮ್ಮ ಮನೆಯಲ್ಲಿ ಐದಾರು ವರ್ಷದ ಮಗುವಿದ್ದರೆ ಈ ಲೇಖನವನ್ನು ಮುಂದೆ ಓದುವ ಮೊದಲು ಹದಿನಾಲ್ಕು ಹುಣಸೆ ಬೀಜಗಳನ್ನು ತೆಗೆದುಕೊಳ್ಳಿರಿ. ಏಳನ್ನು ಒಂದು ಸಾಲಾಗಿ ಜೋಡಿಸಿ, ಒಂದೊಂದರ ಎದುರಿಗೆ ಒಂದೊಂದರಂತೆ ಇನ್ನೇಳನ್ನು ಇಡಿರಿ. ಎರಡೂ ಸಾಲು ಸಮವಾಗಿವೆಯೆ ಎಂದು ಕೇಳಿರಿ. ಮಗು ಸಮವೆನ್ನುತ್ತದೆ. ಈಗ ಮಗುವಿನ ಕಣ್ಣೆದುರಿಗೇ ಒಂದು ಸಾಲಿನ ಬೀಜಗಳನ್ನು ದೂರ ದೂರ ಸರಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿರಿ. ಈ ವಯಸ್ಸಿನ ಅನೇಕ ಮಕ್ಕಳು ಉದ್ದವಾದ ಸಾಲನ್ನು ತೋರಿಸಿ ಅದರಲ್ಲೇ ಹೆಚ್ಚು ಎನ್ನುತ್ತಾರೆ. ಎಣಿಸು ಎಂದರೆ ಎಣಿಸುತ್ತಾರೆ. ಇಲ್ಲಿಯೂ ಏಳು, ಅಲ್ಲಿಯೂ ಏಳು ಎಂದು ಒಪ್ಪುತ್ತಾರೆ. ಒಪ್ಪಿದ ಮೇಲೂ ಉದ್ದ ಸಾಲಿನಲ್ಲೇ ಹೆಚ್ಚು ಎನ್ನುವುದನ್ನು ಬಿಡುವುದಿಲ್ಲ!

ನಗಬೇಡಿರಿ, ತಿದ್ದಲೂ ಬೇಡಿರಿ. ಇಂಥ ತಪ್ಪುತ್ತರಗಳಿಂದಲೇ ಒಂದು ಶಾಸ್ತ್ರ ಹುಟ್ಟಿತು. ಸ್ವಿಟ್ಸರ್ಲೆಂಡಿನ ಜೀನ್ ಪಿಯಾಜೆ (1896-1980) ಎಂಬವರು ತಮ್ಮ ಯೌವನದಲ್ಲಿ, 1920ರ ಸುಮಾರಿಗೆ, ಪ್ಯಾರಿಸಿನಲ್ಲಿ ಮಕ್ಕಳಿಗೆ ಬುದ್ಧಿಪರೀಕ್ಷೆಯ ಪ್ರಶ್ನೆಗಳನ್ನು ಕೇಳುವ ಕೆಲಸದಲ್ಲಿದ್ದರು. ಸರಿ ಉತ್ತರಗಳನ್ನು ಲೆಕ್ಕ ಹಾಕುವುದಷ್ಟೇ ಅವರಿಗೆ ಒಪ್ಪಿಸಿದ್ದ ಕೆಲಸ. ಆದರೆ ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುವುದನ್ನು ಕಂಡು, ಆ ತಪ್ಪುಗಳ ಹಿಂದೆ ಏನೋ ಒಂದು ಕಟ್ಟು ಇರಬೇಕೆಂದು ಅವರು ಊಹಿಸಿದರು. ಸಂಖ್ಯೆಯನ್ನು ಮಗು ಹೇಗೆ ತಿಳಿಯುತ್ತದೆಂಬುದನ್ನು ಕುರಿತು ಅವರು ಆಲೀನಾ ಶೆಮಿನ್ಸ್ಕಾ ಅವರೊಡನೆ 1941ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಾಲುಗಳ ಪ್ರಶ್ನೆಯೂ ಉಂಟು.

ಪಿಯಾಜೆ ಹೇಳಿದ ಹಂತಗಳು ನಾಲ್ಕು. ಎರಡು ವರ್ಷದವರೆಗೆ ಮಗು ಮುಟ್ಟಿ, ಹಿಡಿದು, ಬಾಯಿಗಿಟ್ಟು ಲೋಕವನ್ನು ತಿಳಿಯುತ್ತದೆ. ಎರಡರಿಂದ ಸುಮಾರು ಏಳರವರೆಗೆ ಮಾತು, ಚಿತ್ರ, ಹುಸಿಯಾಟ ಎಲ್ಲವೂ ಬರುತ್ತವೆ. ಆದರೆ ಕಣ್ಣಿಗೆ ಕಂಡದ್ದೇ ಮಗುವಿನ ತೀರ್ಪನ್ನು ಎಳೆಯುತ್ತದೆ. ಇದಕ್ಕೆ ಕಾರ್ಯಪೂರ್ವ ಹಂತವೆನ್ನುತ್ತಾರೆ. ಏಳರಿಂದ ಹನ್ನೊಂದರವರೆಗಿನ ಮೂರ್ತ ಕ್ರಿಯೆಗಳ ಹಂತದಲ್ಲಿ ಮಗು ಕೈಯಲ್ಲಿರುವ ವಸ್ತುಗಳ ಬಗ್ಗೆ ಸರಿಯಾಗಿ ತರ್ಕಿಸಬಲ್ಲದು. ಕೈಯಲ್ಲಿಲ್ಲದ್ದನ್ನು, ಬರಿಯ ಊಹೆಯನ್ನು ಹಿಡಿದು ತರ್ಕಿಸುವುದು ಆಮೇಲಿನ ಮಾತು. ಇಷ್ಟನ್ನು ಯಾವ ತರಬೇತಿ ಪುಸ್ತಕವಾದರೂ ಹೇಳುತ್ತದೆ. ನನಗಿರುವ ಪ್ರಶ್ನೆ ಎರಡನೆಯ ಹಂತದಿಂದ ಮೂರನೆಯದಕ್ಕೆ ದಾಟುವ ಹೊಸ್ತಿಲಿನದು. ನಮ್ಮ ಒಂದನೆಯ ಮತ್ತು ಎರಡನೆಯ ತರಗತಿಗಳೆರಡೂ ಆ ಹೊಸ್ತಿಲ ಮೇಲೆಯೇ ಕುಳಿತಿವೆ.

ಯಾದಗಿರಿ, ಶಹಾಪುರ, ಸುರಪುರದ ಕಡೆಯ ಸರಕಾರಿ ಶಾಲೆಗಳಲ್ಲಿ ಇದನ್ನು ಗಮನಿಸುವುದಕ್ಕೆ ಒಂದು ಅನುಕೂಲವಿದೆ, ಒಂದು ಅನನುಕೂಲವೂ ಇದೆ. ಅನುಕೂಲವೆಂದರೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, 2009-10ರಲ್ಲಿ ರಾಜ್ಯದ ಉಳಿದೆಡೆಗೆ ಹಬ್ಬಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಕಾರ್ಡು, ಕಡ್ಡಿ, ಬೀಜಗಳನ್ನು ಹಿಡಿದು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಕೆಲವು ಗುಂಪುಗಳಿಗೆ ಶಿಕ್ಷಕರ ನೆರವು, ಕೆಲವಕ್ಕೆ ಜೊತೆಯವರ ನೆರವು, ಒಂದು ಗುಂಪಿಗೆ ತನ್ನದೇ ನೆರವು. ಗಮನಿಸುವವರಿಗೆ ಇದಕ್ಕಿಂತ ಒಳ್ಳೆಯ ಕೋಣೆ ಬೇಡ. ಅನನುಕೂಲವೆಂದರೆ ವಯಸ್ಸು. ದಾಖಲೆ ಪುಸ್ತಕವನ್ನು ತೆರೆದರೆ ಎಷ್ಟೋ ಮಕ್ಕಳ ಹುಟ್ಟಿದ ದಿನ ಜೂನ್ 1! ಶಾಲೆಗೆ ಸೇರಿಸಲೆಂದು ಬರೆಸಿದ ತಾರೀಖು ಅದು. ಅದಲ್ಲದೆ ದುಡಿಮೆಗೆಂದು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಹೋಗುವ ತಂದೆತಾಯಿಗಳೊಡನೆ ಹೋಗಿ, ತಿಂಗಳುಗಳ ಮೇಲೆ ಮರಳಿ ಬರುವ ಮಕ್ಕಳೂ ಉಂಟು. ಆದಕಾರಣ ‘ಈ ಮಗುವಿಗೆ ಏಳಾಯಿತು, ಮೂರನೆಯ ಹಂತ ಬಂದಿರಬೇಕು’ ಎಂದು ವಯಸ್ಸನ್ನು ನೋಡಿ ತೀರ್ಮಾನಿಸುವುದಕ್ಕೆ ಇಲ್ಲಿ ಆಧಾರವೇ ಇಲ್ಲ. ಮಗುವನ್ನೇ ನೋಡಬೇಕು.

ಸುರಪುರದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಎರಡನೆಯ ತರಗತಿಯ ಒಬ್ಬ ಹುಡುಗ; ಚಳಿಗಾಲವನ್ನೆಲ್ಲ ಪುಣೆಯಲ್ಲಿ ಕಳೆದು ಬಂದವನು. ನೂರರವರೆಗೆ ಗಡಗಡನೆ ಎಣಿಸುತ್ತಿದ್ದ. ಆದರೆ ಹತ್ತು ಕಡ್ಡಿಗಳ ಒಂದು ಕಟ್ಟನ್ನೂ ಮೂರು ಬಿಡಿ ಕಡ್ಡಿಗಳನ್ನೂ ಮುಂದಿಟ್ಟು ಎಷ್ಟೆಂದು ಕೇಳಿದರೆ, ಪ್ರತಿ ಸಲವೂ ಕಟ್ಟನ್ನು ಬಿಚ್ಚಿ ಒಂದರಿಂದ ಎಣಿಸುತ್ತಿದ್ದ. ಕಟ್ಟಿದವನೂ ಅವನೇ, ಎಣಿಸಿ ಕಟ್ಟಿದವನೂ ಅವನೇ. ಹಿಂದಿನ ಕಡೆ ಅವನ ಹೆಸರಿನ ಎದುರಿಗೆ ‘ಗಣಿತದಲ್ಲಿ ಹಿಂದೆ’ ಎಂದು ಯಾರೋ ಬರೆದಿದ್ದರು; ಅವನನ್ನು ಒಂದನೆಯ ತರಗತಿಯ ಮಕ್ಕಳ ಗುಂಪಿಗೆ ಇಳಿಸುವ ಮಾತು ನಡೆದಿತ್ತು.

ಶಿಕ್ಷಕಿಯವರು ಬೀಜಗಳ ಸಾಲುಗಳನ್ನು ಇಟ್ಟು ನೋಡಿದರು.

‘ಎರಡೂ ಸಮ ಅದಾವೇನು?’

‘ಸಮ ಅದಾವ್ರಿ.’

ಒಂದು ಸಾಲನ್ನು ಸರಿಸಿದರು. ‘ಈಗ?’

‘ಇದ್ರಾಗ ಭಾಳ ಅದಾವ್ರಿ.’

‘ಯಾಕಪ್ಪಾ?’

‘ಉದ್ದ ಆಗ್ಯದಲ್ರೀ.’

ಇಲ್ಲಿಗೇ ನಿಲ್ಲಿಸಿದ್ದರೆ ಆ ಬರಹವೇ ನಿಜವೆಂದು ತೋರುತ್ತಿತ್ತು. ಆದರೆ ಈ ಪರೀಕ್ಷೆಯಲ್ಲಿ ಒಂದು ದೋಷವಿದೆ, ಅದನ್ನು ತಿಳಿಯದೆ ಯಾರೂ ಇದನ್ನು ಮಾಡಬಾರದು. ಶಾಲೆಯಲ್ಲಿ ದೊಡ್ಡವರು ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ಅದರ ಅರ್ಥವೇನು? ‘ನೀನು ಮೊದಲು ಹೇಳಿದ್ದು ತಪ್ಪು’ ಎಂದೇ ಅಲ್ಲವೆ? ಮಗು ಬೀಜಗಳನ್ನು ನೋಡಿ ಉತ್ತರವನ್ನು ಬದಲಿಸುವುದಿಲ್ಲ, ನಮ್ಮ ಮುಖವನ್ನು ನೋಡಿ ಬದಲಿಸುತ್ತದೆ. 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್ ಎಂಬ ಸಂಶೋಧಕರು ಮೊದಲ ಪ್ರಶ್ನೆಯನ್ನು ಬಿಟ್ಟು, ಸರಿಸಿದ ಮೇಲೆ ಒಂದೇ ಸಲ ಕೇಳಿದಾಗ ಮಕ್ಕಳ ತಪ್ಪುಗಳು ಕಡಿಮೆಯಾದವು. ಅದೇ ವರ್ಷ ಸ್ಕಾಟ್ಲೆಂಡಿನ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇನ್ನೊಂದು ಉಪಾಯವನ್ನು ಹೂಡಿದರು. ಸಾಲನ್ನು ಕೆಡಿಸಿದ್ದು ದೊಡ್ಡವರಲ್ಲ, ತುಂಟ ಕರಡಿ ಬೊಂಬೆ! ದೊಡ್ಡವರು ಸರಿಸಿದಾಗ ಸರಿ ಹೇಳಿದವರು ಕೆಲವರೇ. ಕರಡಿ ಕೆಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸಮವೆಂದೇ ಹೇಳಿದರು.

ನಮ್ಮ ಶಿಕ್ಷಕಿಯವರ ಬಳಿ ಕರಡಿ ಇರಲಿಲ್ಲ. ಆದರೆ ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಕೆಲವೇ ದಿನಗಳಾಗಿದ್ದುದರಿಂದ ಕಿಟಕಿಯಲ್ಲಿ ಮಣ್ಣಿನ ಎತ್ತುಗಳಿದ್ದವು. ವಾರದ ಮೇಲೆ, ಆಟದ ನಡುವೆ, ಒಂದು ಎತ್ತು ‘ಹೊಲಕ್ಕೆ ನುಗ್ಗಿ’ ಬೀಜಗಳ ಒಂದು ಸಾಲನ್ನು ಚದರಿಸಿತು. ಈಗ ಹೇಗೆಂದು ಒಂದೇ ಸಲ ಕೇಳಿದರು. ಹುಡುಗ ಎಣಿಸಲೂ ಇಲ್ಲ. ‘ಅಷ್ಟೇ ಅದಾವ್ರಿ. ಯಾರೂ ತಗೊಂಡಿಲ್ಲಲ್ರೀ’ ಎಂದ.

ಈ ಕೊನೆಯ ಮಾತೇ ಮುಖ್ಯ. ಸರಿ ಉತ್ತರಕ್ಕಿಂತ ಅದರ ಕಾರಣಕ್ಕೆ ಬೆಲೆ ಹೆಚ್ಚು. ಮಕ್ಕಳು ಕೊಡುವ ಗಟ್ಟಿಯಾದ ಕಾರಣಗಳು ಸಾಮಾನ್ಯವಾಗಿ ಮೂರು ಬಗೆ: ಯಾರೂ ಸೇರಿಸಲಿಲ್ಲ, ತೆಗೆಯಲಿಲ್ಲ ಎಂಬುದೊಂದು, ಮತ್ತೆ ಹತ್ತಿರ ತಂದರೆ ಮೊದಲಿನಂತೆಯೇ ಆಗುತ್ತದೆ ಎಂಬುದು ಇನ್ನೊಂದು, ಸಾಲು ಉದ್ದವಾಗಿದೆ, ಆದರೆ ನಡುವಣ ಸಂದೂ ದೊಡ್ಡದಾಗಿದೆ ಎಂಬುದು ಮೂರನೆಯದು. ಇವುಗಳಲ್ಲಿ ಯಾವುದೊಂದನ್ನು ತನ್ನ ಮಾತಿನಲ್ಲಿ ಹೇಳಿದರೂ ಮಗು ಹೊಸ್ತಿಲು ದಾಟಿದೆ ಎನ್ನಬಹುದು. ಬರಿಯ ‘ಸಮ’ ಎಂದು ಸುಮ್ಮನಾದರೆ ಊಹೆಯಿರಬಹುದು. ಒಮ್ಮೆ ಸಮ, ಒಮ್ಮೆ ಹೆಚ್ಚು ಎಂದು ತೂಗಾಡುವ ಮಗುವಂತೂ ಶಿಕ್ಷಕರಿಗೆ ಸಿಕ್ಕ ಭಾಗ್ಯವೇ ಸರಿ. ಪಿಯಾಜೆಯವರ ಜೊತೆಗಾರ್ತಿ ಬಾರ್ಬೆಲ್ ಇನ್‌ಹೆಲ್ಡರ್ ಮೊದಲಾದವರು ಕಂಡಂತೆ, ಅಭ್ಯಾಸ ಕೊಟ್ಟಾಗ ಹೆಚ್ಚು ಮುಂದಕ್ಕೆ ಬರುವವರು ಹೀಗೆ ತೂಗಾಡುತ್ತಿರುವವರೇ.

ಬೀಜಗಳ ಲೆಕ್ಕದಲ್ಲೂ ಎಚ್ಚರ ಬೇಕು. ಮೂರು ನಾಲ್ಕು ಬೀಜಗಳಾದರೆ ಕಣ್ಣೇ ಹೇಳಿಬಿಡುತ್ತದೆ, ತಿಳಿವಿನ ಪರೀಕ್ಷೆಯಾಗುವುದಿಲ್ಲ. ಹದಿನೈದಾದರೆ ಮಗು ಬೇಸತ್ತು ಏನೋ ಒಂದು ಹೇಳುತ್ತದೆ. ಮಾತಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನಮ್ಮ ಈ ಮೂರು ತಾಲೂಕುಗಳಲ್ಲಿ ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುವ ಮಕ್ಕಳು ಬೇಕಾದಷ್ಟಿದ್ದಾರೆ. ಪುಸ್ತಕದ ‘ಹೆಚ್ಚು’ ಎಂಬುದು ಅವರಿಗೆ ಉದ್ದವೋ, ಎತ್ತರವೋ, ಸಂಖ್ಯೆಯೋ ತಿಳಿಯದಿರಬಹುದು. ‘ಇವು ಪುಠಾಣಿ ಎಂದು ತಿಳಿ, ಯಾರಿಗೆ ಭಾಳ ತಿನ್ನಲಿಕ್ಕೆ ಸಿಗ್ತದ?’ ಎಂದು ಕೇಳಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಮಗುವಿನ ಮನೆಮಾತಿನಲ್ಲೇ ಕೇಳಬಲ್ಲ ದೊಡ್ಡ ಹುಡುಗಿಯೊಬ್ಬಳು ಹತ್ತಿರವಿದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ಆ ಹುಡುಗ ಮೂರನೆಯ ಹಂತಕ್ಕೆ ಬಂದನೆ? ಶಿಕ್ಷಕಿಯವರು ಎರಡು ಒಂದೇ ಗ್ಲಾಸುಗಳಲ್ಲಿ ಸಮವಾಗಿ ನೀರು ತುಂಬಿ, ಒಂದರ ನೀರನ್ನು ಸಣ್ಣ ಬಾಯಿಯ ಎತ್ತರದ ಬಾಟಲಿಗೆ ಸುರಿದರು. ಬಾಟಲಿಯಲ್ಲೇ ಹೆಚ್ಚು ನೀರೆಂದು ಹುಡುಗ ಗಟ್ಟಿಯಾಗಿ ಹೇಳಿದ. ಪ್ರಶ್ನೆಯನ್ನು ಒಂದೇ ಸಲ ಕೇಳಿದರೂ ಅದೇ ಉತ್ತರ. ಇದು ವಿಚಿತ್ರವಲ್ಲ. ಸಂಖ್ಯೆ ಬದಲಾಗದೆಂಬ ತಿಳಿವು ಆರೇಳರ ಸುಮಾರಿಗೆ ಬಂದರೆ, ನೀರಿನ ಪ್ರಮಾಣದ್ದು ಏಳೆಂಟಕ್ಕೆ, ತೂಕದ್ದು ಒಂಬತ್ತು ಹತ್ತಕ್ಕೆ ಬರುವುದುಂಟು. ಕೈಕಸುಬು ಈ ಕ್ರಮವನ್ನೂ ಅಲುಗಾಡಿಸುತ್ತದೆ: 1969ರಲ್ಲಿ ಮೆಕ್ಸಿಕೊದಲ್ಲಿ ನೋಡಿದಾಗ, ಜೇಡಿಮಣ್ಣಿನ ಉಂಡೆಯನ್ನು ಉದ್ದ ಮಾಡಿದರೂ ಮಣ್ಣು ಅಷ್ಟೇ ಎಂಬುದು ಕುಂಬಾರರ ಮಕ್ಕಳಿಗೆ ಉಳಿದ ಮಕ್ಕಳಿಗಿಂತ ಬೇಗ ತಿಳಿದಿತ್ತು. ಆದ್ದರಿಂದ ಒಂದು ಮಗುವಿಗೆ ಒಂದು ಹಂತದ ಹೆಸರನ್ನು ಹಚ್ಚುವುದೇ ತಪ್ಪು. ‘ಬೀಜಗಳಲ್ಲಿ ದಾಟಿದ್ದಾನೆ, ನೀರಿನಲ್ಲಿ ಇನ್ನೂ ಇಲ್ಲ’ ಎಂದು ಬರೆಯುವುದು ಸರಿ. ತಾರೀಖು, ಇಟ್ಟ ವಸ್ತು, ಕೇಳಿದ ಮಾತು, ಮಗು ಆಡಿದ ಮಾತು ಅದರ ನುಡಿಯಲ್ಲೇ, ಬೆರಳು ಎಲ್ಲಿ ಓಡಿತೆಂಬುದು: ಟಿಪ್ಪಣಿಯಲ್ಲಿ ಇಷ್ಟು ಸಾಕು.

ಕಡ್ಡಿಗಳ ಕಟ್ಟಿನ ಕಥೆ ಉಳಿಯಿತು. ಬೀಜಗಳ ಸಂಖ್ಯೆ ಬದಲಾಗದೆಂದು ನಂಬುವವನು ಕಟ್ಟನ್ನು ಏಕೆ ಬಿಚ್ಚುತ್ತಿದ್ದ? ಶಿಕ್ಷಕಿಯವರು ಹತ್ತಿರ ಕುಳಿತು ನೋಡಿದರು. ಕೋಣೆಯ ಕಟ್ಟುಗಳಲ್ಲಿ ಕೆಲವು ಹಳೆಯವು. ಕಡ್ಡಿಗಳು ಕಳೆದು ಎಂಟೋ ಒಂಬತ್ತೋ ಉಳಿದಿದ್ದವು. ಹುಡುಗ ಒಮ್ಮೆ ಮೋಸಹೋಗಿದ್ದ, ಈಗ ಯಾವ ಕಟ್ಟನ್ನೂ ನಂಬುತ್ತಿರಲಿಲ್ಲ! ಕಟ್ಟುಗಳನ್ನೆಲ್ಲ ಎಣಿಸಿ ಹತ್ತು ಮಾಡಿ, ಅವನಿಂದಲೇ ರಬ್ಬರು ಹಾಕಿಸಿದ ಮೇಲೆ ಮೂರನೆಯ ದಿನಕ್ಕೆ ಬಿಚ್ಚುವುದು ನಿಂತಿತು. ಕಟ್ಟಿನ ಮೇಲೆ ಬೆರಳಿಟ್ಟು ‘ಹತ್ತು’ ಎಂದು, ಬಿಡಿ ಕಡ್ಡಿಗಳನ್ನು ‘ಹನ್ನೊಂದು, ಹನ್ನೆರಡು, ಹದಿಮೂರು’ ಎಂದು ಮುಂದುವರಿಸತೊಡಗಿದ. ಅವನನ್ನು ಕೆಳಗಿನ ಗುಂಪಿಗೆ ಕಳಿಸಲಿಲ್ಲ. ಬಾಟಲಿಯ ನೀರಿನ ವಿಷಯದಲ್ಲಿ ಮಾತ್ರ ಅವನ ಅಭಿಪ್ರಾಯ ದೀಪಾವಳಿಯವರೆಗೂ ಬದಲಾಗಲಿಲ್ಲ.